ಮೇಡಂ, ಗೇರಿನ ಸಾಲೊಂದು ಅರ್ಥವಾಗುತ್ತಿಲ್ಲ

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಹತ್ತಿರವಾದಂತೆ ಸಂಖ್ಯಾಶಾಸ್ತ್ರ ಕಲಿಸುವವರಿಗೆ ಒಂದು ಬಗೆಯ ಇಮೇಲ್‌ಗಳು ಬರತೊಡಗುತ್ತವೆ. ವಿಷಯದ ಜಾಗದಲ್ಲಿ ‘ಡೌಟ್’ ಎಂದಷ್ಟೇ ಇರುತ್ತದೆ. ಒಳಗೆ ಒಂದೆರಡು ಸಾಲು: ‘ಮೇಡಂ, ಟೇಬಲ್ ಅಟ್ಯಾಚ್ ಮಾಡಿದ್ದೇನೆ. am ಸಿಗ್ನಿಫಿಕೆಂಟ್ ಬಂದಿಲ್ಲ. ತೆಗೆದುಬಿಡಲಾ?’ ಜೊತೆಗೆ ಕಂಪ್ಯೂಟರ್ ಪರದೆಯ ಒಂದು ಸ್ಕ್ರೀನ್‌ಶಾಟ್. ಅದರ ಮೇಲಿನ ಸಾಲು ಅರ್ಧ ಕತ್ತರಿಸಿಹೋಗಿರುತ್ತದೆ, ಕೆಳಗಿನ ಎರಡು ಸಾಲು ಬಂದೇ ಇರುವುದಿಲ್ಲ.

ಕೇಳಿರುವ ಪ್ರಶ್ನೆಯಲ್ಲಿ ತಪ್ಪಿಲ್ಲ. ಒಂದು ವೇರಿಯಬಲ್ ಇರಬೇಕೋ ಬೇಡವೋ ಎಂಬುದು ಈ ಶಾಸ್ತ್ರದಲ್ಲಿ ಅನುಭವಿಗಳೂ ತಲೆ ಕೆಡಿಸಿಕೊಳ್ಳುವ ಸಂಗತಿಯೇ. ಆದರೆ ಆ ಚಿತ್ರವನ್ನಷ್ಟೇ ನೋಡಿ ಯಾವ ಪ್ರೊಫೆಸರೂ ಉತ್ತರ ಹೇಳಲಾರರು. ಅದು ಯಾಕೆ, ಉತ್ತರ ಹೇಳಲು ಬರುವಂತೆ ಕೇಳುವುದು ಹೇಗೆ ಎಂಬುದನ್ನು ಒಂದು ನಿಜವಾದ ಟೇಬಲ್ ಇಟ್ಟುಕೊಂಡೇ ನೋಡೋಣ.

ಟೇಬಲ್ ಹುಟ್ಟಿದ್ದು ಅಮೆರಿಕದ ಕಾರುಗಳಿಂದ. ಅಲ್ಲಿನ ‘ಮೋಟರ್ ಟ್ರೆಂಡ್’ ಪತ್ರಿಕೆ 1974ರಲ್ಲಿ ಕಾರುಗಳ ಮೈಲೇಜ್, ತೂಕ, ಎಂಜಿನ್ ಶಕ್ತಿ ಮುಂತಾದ ವಿವರಗಳನ್ನು ಪ್ರಕಟಿಸಿತ್ತು. ಅದರಿಂದ ತೆಗೆದ 32 ಕಾರುಗಳ ಪಟ್ಟಿಯನ್ನು ಹೆಂಡರ್ಸನ್ ಮತ್ತು ವೆಲ್ಲೆಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 1981ರ ತಮ್ಮ ಪ್ರಬಂಧದಲ್ಲಿ ಬಳಸಿದರು. ಇಂದು ಆ ಪಟ್ಟಿ ಆರ್ ಎಂಬ ಉಚಿತ ತಂತ್ರಾಂಶದ ಜೊತೆಯಲ್ಲೇ mtcars ಎಂಬ ಹೆಸರಲ್ಲಿ ಬರುತ್ತದೆ. ಸಂಖ್ಯಾಶಾಸ್ತ್ರದ ಪ್ರಾಯೋಗಿಕ ತರಗತಿಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಹಳೆಯ ಕಾರುಗಳಾದರೂ ಅವು ಎಬ್ಬಿಸುವ ಪ್ರಶ್ನೆ ಹಳತಾಗಿಲ್ಲ: ಕೈಯಲ್ಲಿ ಗೇರ್ ಹಾಕುವ ಕಾರು ಹೆಚ್ಚು ಮೈಲೇಜ್ ಕೊಡುತ್ತದೆಯೇ, ತಾನೇ ಗೇರ್ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಹೆಚ್ಚು ಕೊಡುತ್ತದೆಯೇ?

ಒಬ್ಬ ವಿದ್ಯಾರ್ಥಿನಿ ಇದೇ ಪ್ರಶ್ನೆಯನ್ನು ಪ್ರಾಜೆಕ್ಟ್‌ಗೆ ಆರಿಸಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಪರದೆಯ ಮೇಲಿರುವುದು ಇದು:

```
lm(formula = mpg ~ wt + hp + am, data = mtcars)

             Estimate Std. Error t value Pr(>|t|)
(Intercept) 34.002875   2.642659  12.867 2.82e-13 ***
wt          -2.878575   0.904971  -3.181 0.003574 **
hp          -0.037479   0.009605  -3.902 0.000546 ***
am           2.083710   1.376420   1.514 0.141268

Residual standard error: 2.538 on 28 degrees of freedom
Multiple R-squared: 0.8399, Adjusted R-squared: 0.8227
```

ಮೊದಲ ಬಾರಿ ನೋಡುವವರಿಗೆ ಇದು ಅಂಕಿಗಳ ಕಾಡು. ದಾರಿ ಮಾತ್ರ ಸರಳ. ಪ್ರತಿ ಕಾರಿನ ತೂಕ (wt), ಎಂಜಿನ್ನಿನ ಹಾರ್ಸ್‌ಪವರ್ (hp), ಗೇರಿನ ಬಗೆ (am) ಈ ಮೂರನ್ನು ಕೊಟ್ಟು, ಇವುಗಳಿಂದ ಮೈಲೇಜನ್ನು (mpg) ಎಷ್ಟು ಹತ್ತಿರ ಊಹಿಸಬಹುದು ಎಂದು ತಂತ್ರಾಂಶವನ್ನು ಕೇಳಲಾಗಿದೆ. ಒಂದೊಂದು ಅಂಶಕ್ಕೂ ಅದು ಒಂದೊಂದು ಗುಣಾಂಕ ಕೊಟ್ಟಿದೆ. Estimate ಎಂಬ ಕಂಬಸಾಲಿನಲ್ಲಿ ಇರುವುದು ಅವೇ. ಪಕ್ಕದ Std. Error ಆ ಗುಣಾಂಕ ಎಷ್ಟು ಅಲುಗಾಡಬಹುದು ಎಂಬುದರ ಅಳತೆ. ಕೊನೆಯಲ್ಲಿರುವುದು ಪಿ-ವ್ಯಾಲ್ಯೂ. ಆ ಅಂಶಕ್ಕೂ ಮೈಲೇಜಿಗೂ ನಿಜವಾಗಿ ಸಂಬಂಧವೇ ಇಲ್ಲದಿದ್ದರೆ, ಇಷ್ಟು ದೊಡ್ಡ ಅಂಕಿ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಎಂಬುದನ್ನು ಅದು ಹೇಳುತ್ತದೆ. 0.05ಕ್ಕಿಂತ ಕಡಿಮೆಯಾದರೆ ತಂತ್ರಾಂಶ ಪಕ್ಕದಲ್ಲಿ ನಕ್ಷತ್ರ ಇಡುತ್ತದೆ. am ಸಾಲಿನ ಎದುರು ನಕ್ಷತ್ರವಿಲ್ಲ. ವಿದ್ಯಾರ್ಥಿನಿಯ ಆತಂಕಕ್ಕೆ ಕಾರಣ ಅದು.

ಈಗ ಸ್ಕ್ರೀನ್‌ಶಾಟಿನ ಮಾತು. ಚಿತ್ರದಲ್ಲಿ ಅಂಕಿಗಳೆಲ್ಲ ಇವೆ, ಅವುಗಳ ಅರ್ಥ ಇಲ್ಲ. wt ಎದುರಿನ 2.88ನ್ನು ಓದಿದವರು ತೂಕ ಒಂದು ಪೌಂಡ್ ಏರಿದರೆ ಮೈಲೇಜ್ ಸುಮಾರು ಮೂರು ಮೈಲಿ ಇಳಿಯುತ್ತದೆ ಎಂದುಕೊಂಡರೆ ಕಾರು ಮನೆಯಿಂದ ಹೊರಗೇ ಹೊರಡಲಾರದು. ಇಲ್ಲಿ wtನ ಒಂದು ಎಂದರೆ ಸಾವಿರ ಪೌಂಡ್, ಅಂದರೆ ಸುಮಾರು 454 ಕಿಲೋ. ಅಷ್ಟು ತೂಕ ಹೆಚ್ಚಿದ ಕಾರು ಒಂದು ಗ್ಯಾಲನ್‌ಗೆ 2.88 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 1.2 ಕಿ.ಮೀ. ಕಡಿಮೆ ಓಡುತ್ತದೆ. hp ಎದುರಿನ 0.037 ತೀರಾ ಸಣ್ಣದಾಗಿ ಕಾಣುವುದೂ ಹೀಗೆಯೇ. ಅದು ಒಂದೇ ಒಂದು ಹಾರ್ಸ್‌ಪವರಿನ ಲೆಕ್ಕ. ಐವತ್ತು ಹಾರ್ಸ್‌ಪವರ್ ಹೆಚ್ಚಿರುವ ಕಾರಿಗೆ ಗುಣಿಸಿ ನೋಡಿದರೆ ಸುಮಾರು 1.9 ಮೈಲಿ ಕಡಿತವಾಗುತ್ತದೆ. ಒಂದು ಅಂಕಿ ದೊಡ್ಡದು, ಇನ್ನೊಂದು ಚಿಕ್ಕದು ಎಂದು ಟೇಬಲ್ ನೋಡಿ ತೂಗುವ ಹಾಗಿಲ್ಲ.

ಇನ್ನೂ ಮುಖ್ಯವಾದದ್ದು am. ಅದರಲ್ಲಿರುವುದು ಸೊನ್ನೆ ಮತ್ತು ಒಂದು ಎರಡೇ. ಯಾವುದು ಆಟೊಮ್ಯಾಟಿಕ್, ಯಾವುದು ಕೈಗೇರು? ಹೆಸರು ನೋಡಿ ಊಹಿಸಿದರೆ ‘ಆಟೊಮ್ಯಾಟಿಕ್ = 1’ ಅನ್ನಿಸುತ್ತದೆ. ಆದರೆ ಪಟ್ಟಿಯ ವಿವರಣೆಯಲ್ಲಿ 0 ಎಂದರೆ ಆಟೊಮ್ಯಾಟಿಕ್, 1 ಎಂದರೆ ಮ್ಯಾನ್ಯುಯಲ್ ಎಂದಿದೆ. ಇದನ್ನು ತಿರುಗಿಸಿ ಓದಿದರೆ ಇಡೀ ವರದಿಯ ತೀರ್ಮಾನವೇ ಬುಡಮೇಲಾಗುತ್ತದೆ, ಚಿತ್ರ ನೋಡಿದವರಿಗೆ ತಪ್ಪು ಗೊತ್ತಾಗುವುದೂ ಇಲ್ಲ. ಕತ್ತರಿಸಿಹೋದ ಮೇಲಿನ ಸಾಲಿನಲ್ಲಿ ಯಾವ ಯಾವ ಅಂಶ ಹಾಕಿದ್ದಾರೆ ಎಂಬ ಸೂತ್ರವಿತ್ತು. ಕೆಳಗೆ ಕಾಣೆಯಾದ ಸಾಲಿನಲ್ಲಿ 28 ಎಂಬ ಅಂಕಿ ಇತ್ತು. ಅದಕ್ಕೆ ಟೇಬಲ್ಲಿನ ನಾಲ್ಕು ಸಾಲು ಸೇರಿಸಿದರೆ 32 ಕಾರು ಎಂದು ಪ್ರೊಫೆಸರ್ ಲೆಕ್ಕ ಹಾಕಿಕೊಳ್ಳಬಹುದಿತ್ತು. ಹಾಗಾಗಿ ಪರದೆಯ ಚಿತ್ರಕ್ಕಿಂತ, ಅದೇ ಟೇಬಲ್ಲನ್ನು ಅಕ್ಷರ ರೂಪದಲ್ಲಿ ಮೇಲ್‌ಗೆ ಅಂಟಿಸಿ, ಅಳತೆಗಳನ್ನು ಎರಡು ಸಾಲಲ್ಲಿ ಬರೆಯುವುದು ಎಷ್ಟೋ ಮೇಲು. ಓದುವವರು ಅಂಕಿಗಳನ್ನು ನಕಲು ಮಾಡಿ ತಾವೇ ಲೆಕ್ಕ ಹಾಕಿ ನೋಡಬಹುದು. ಚಿತ್ರವನ್ನೇ ಕಳಿಸಬೇಕೆಂದಿದ್ದರೆ ಮೇಲಿನ ಸೂತ್ರದಿಂದ ಕೆಳಗಿನ ಕೊನೆಯ ಸಾಲಿನ ತನಕ ಇರಲಿ.

ಅಂಕಿಗಳು ಅರ್ಥವಾಗಿವೆಯೇ ಎಂದು ತನ್ನನ್ನೇ ಪರೀಕ್ಷಿಸಿಕೊಳ್ಳಲು ಒಂದು ಉಪಾಯವಿದೆ. ಪಟ್ಟಿಯಿಂದ ಯಾವುದಾದರೂ ಒಂದು ಕಾರನ್ನು ಎತ್ತಿಕೊಂಡು ಕೈಯಲ್ಲೇ ಲೆಕ್ಕ ಹಾಕುವುದು. ಮರ್ಸಿಡಿಸ್ 240ಡಿ ತೆಗೆದುಕೊಳ್ಳಿ. ತೂಕ 3.19, ಹಾರ್ಸ್‌ಪವರ್ 62, ಆಟೊಮ್ಯಾಟಿಕ್ ಆದ್ದರಿಂದ am ಸೊನ್ನೆ. 34.0ರಿಂದ ತೂಕದ ಪಾಲು 9.2, ಶಕ್ತಿಯ ಪಾಲು 2.3 ಕಳೆದರೆ 22.5 ಉಳಿಯುತ್ತದೆ. ಪಟ್ಟಿಯಲ್ಲಿ ಆ ಕಾರಿನ ನಿಜವಾದ ಮೈಲೇಜ್ 24.4. ಊಹೆ 1.9ರಷ್ಟು ತಪ್ಪಿತು. ಟೇಬಲ್ಲಿನ ಕೆಳಗಿರುವ 2.538 ಇಂಥ ತಪ್ಪುಗಳ ಸಾಮಾನ್ಯ ಗಾತ್ರ. 240ಡಿ ಡೀಸೆಲ್ ಕಾರು ಎಂಬುದನ್ನು ಇಲ್ಲಿ ನೆನಪಿಡಬೇಕು. ಡೀಸೆಲ್ಲೋ ಪೆಟ್ರೋಲೋ ಎಂದು ಹೇಳುವ ಕಂಬಸಾಲು ಪಟ್ಟಿಯಲ್ಲೇ ಇಲ್ಲ. ಒಂದು ಕಾರನ್ನು ಹೀಗೆ ಕೈಯಲ್ಲಿ ಹಿಡಿದು ನೋಡಿದಾಗಲೇ ಇಂಥ ಸಂಗತಿ ಕಣ್ಣಿಗೆ ಬೀಳುವುದು.

ಈಗ ಅನುಮಾನದ ಸಾಲಿಗೆ ಬರೋಣ. am ಎದುರು 2.08 ಇದೆ. ಅಂದರೆ ಒಂದೇ ತೂಕದ, ಒಂದೇ ಶಕ್ತಿಯ ಎರಡು ಕಾರುಗಳಲ್ಲಿ ಕೈಗೇರಿನದು ಗ್ಯಾಲನ್‌ಗೆ 2.08 ಮೈಲಿ ಹೆಚ್ಚು ಓಡುತ್ತದೆ ಎಂಬ ಅಂದಾಜು. ಲೀಟರಿಗೆ 0.9 ಕಿ.ಮೀ. ಕಡಿಮೆಯೇನಲ್ಲ. ಆದರೆ ಅಂದಾಜಿನ ಅಲುಗಾಟ 1.38. ಅದರಿಂದ 95 ಪ್ರತಿಶತದ ಮಿತಿಗಳನ್ನು ಹಾಕಿದರೆ ಗುಣಾಂಕ ಮೈನಸ್ 0.7ರಿಂದ ಪ್ಲಸ್ 4.9ರ ತನಕ ಎಲ್ಲಿಯಾದರೂ ಇರಬಹುದು. ನಕ್ಷತ್ರವಿಲ್ಲ ಎಂದ ಕೂಡಲೇ ‘ಗೇರಿನಿಂದ ಮೈಲೇಜಿಗೆ ವ್ಯತ್ಯಾಸವಿಲ್ಲ’ ಎಂದು ಬರೆಯುವುದು ವಿದ್ಯಾರ್ಥಿಗಳ ವರದಿಗಳಲ್ಲಿ ನಾನು ಕಾಣುವ ಅತಿ ದೊಡ್ಡ ತಪ್ಪು. ಈ ಟೇಬಲ್ ಅದನ್ನು ಹೇಳುತ್ತಿಲ್ಲ. ವ್ಯತ್ಯಾಸ ಸೊನ್ನೆಯೂ ಇರಬಹುದು, ಲೀಟರಿಗೆ ಎರಡು ಕಿ.ಮೀ. ಕೂಡ ಇರಬಹುದು, ನನ್ನಿಂದ ಬಿಡಿಸಿ ಹೇಳಲಾಗದು ಎನ್ನುತ್ತಿದೆ. ‘ಇಲ್ಲ’ ಎನ್ನುವುದಕ್ಕೂ ‘ಗೊತ್ತಾಗುತ್ತಿಲ್ಲ’ ಎನ್ನುವುದಕ್ಕೂ ಬಹಳ ಅಂತರವಿದೆ.

ಬಿಡಿಸಿ ಹೇಳಲಾಗದ್ದು ಯಾಕೆ? ವಿದ್ಯಾರ್ಥಿನಿ ಮೇಲ್ ಬರೆಯುವ ಮೊದಲು ಅರ್ಧ ಗಂಟೆ ಇದರ ಹಿಂದೆ ಹೋದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಬೇರೇನೂ ಹಾಕದೆ ಗೇರನ್ನಷ್ಟೇ ಇಟ್ಟು ನೋಡಿದರೆ ಕೈಗೇರಿನ 13 ಕಾರುಗಳ ಸರಾಸರಿ 24.4 ಮೈಲಿ, ಆಟೊಮ್ಯಾಟಿಕ್‌ನ 19 ಕಾರುಗಳದು 17.1. ವ್ಯತ್ಯಾಸ 7.2 ಮೈಲಿ, ಮೂರು ನಕ್ಷತ್ರ. ತೂಕವನ್ನು ಸೇರಿಸಿದ ತಕ್ಷಣ ಆ 7.2 ಕರಗಿ ಮೈನಸ್ 0.02 ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಸೊನ್ನೆ. ಹಾರ್ಸ್‌ಪವರನ್ನೂ ಸೇರಿಸಿದರೆ ಮತ್ತೆ ಎದ್ದು 2.08ಕ್ಕೆ ಬರುತ್ತದೆ. ಅದೇ 32 ಕಾರು, ಅದೇ ಗೇರು. ಪಕ್ಕದಲ್ಲಿ ಯಾರನ್ನು ಕೂರಿಸಿದ್ದೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತಿದೆ.

ಕಾರಣ ಆ ಕಾಲದ ಅಮೆರಿಕದ ರಸ್ತೆಗಳಲ್ಲಿದೆ. ಲಿಂಕನ್ ಕಾಂಟಿನೆಂಟಲ್, ಕ್ಯಾಡಿಲ್ಯಾಕ್ ಫ್ಲೀಟ್‌ವುಡ್‌ನಂಥ ಎರಡೂವರೆ ಟನ್ ಆಸುಪಾಸಿನ ಭಾರೀ ಕಾರುಗಳೆಲ್ಲ ಆಟೊಮ್ಯಾಟಿಕ್. ಹೋಂಡಾ ಸಿವಿಕ್, ಟೊಯೋಟಾ ಕೊರೊಲ್ಲಾ, ಫಿಯಟ್ 128ರಂಥ ಹಗುರ ಕಾರುಗಳು ಕೈಗೇರಿನವು. ಆಟೊಮ್ಯಾಟಿಕ್ ಕಾರುಗಳ ಸರಾಸರಿ ತೂಕ ಸುಮಾರು 1,710 ಕಿಲೋ, ಕೈಗೇರಿನವುಗಳದು ಸುಮಾರು 1,094. ಗೇರ್‌ಬಾಕ್ಸ್ ಒಂದೇ ಆರುನೂರು ಕಿಲೋ ಹೆಚ್ಚಿಸುವುದಿಲ್ಲ. ಕಾರೇ ಬೇರೆ ಜಾತಿಯದು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಗಾಡಿಯನ್ನು ಯಾವುದು ಎಷ್ಟು ಎಳೆಯಿತು ಎಂದು ಗಾಡಿ ನೋಡಿ ಹೇಳಲಾದೀತೇ? ತೂಕ ಮತ್ತು ಗೇರು ಈ ಪಟ್ಟಿಯಲ್ಲಿ ಹಾಗೆ ಜೋಡಿಯಾಗಿ ನಡೆಯುತ್ತಿವೆ.

ಹಾರ್ಸ್‌ಪವರ್ ಸೇರಿಸಿದಾಗ ಗೇರಿನ ಅಂಕಿ ಮತ್ತೆ ಎದ್ದುದಕ್ಕೂ ಕಾರಣವಿದೆ. ಒಂದೇ ತೂಕದ ಕಾರುಗಳನ್ನು ಹೋಲಿಸಿದರೆ ಈ ಪಟ್ಟಿಯಲ್ಲಿ ಕೈಗೇರಿನವುಗಳ ಶಕ್ತಿ ಸುಮಾರು 56 ಹಾರ್ಸ್‌ಪವರ್ ಹೆಚ್ಚು. ಎರಡು ಟೇಬಲ್‌ಗಳ am ಗುಣಾಂಕಗಳ ವ್ಯತ್ಯಾಸವನ್ನು hp ಗುಣಾಂಕದಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ತೂಕವಿದ್ದೂ ಕೈಗೇರಿರುವ ಕಾರು ಎಂದರೆ ಮಸೆರಾಟಿ ಬೋರಾ, ಫೋರ್ಡ್ ಪಂತೇರಾದಂಥ ರೇಸಿನ ಗತ್ತಿನವು. ಬೋರಾದ ಶಕ್ತಿ 335 ಹಾರ್ಸ್‌ಪವರ್, ಮೈಲೇಜ್ 15. ಶಕ್ತಿಯ ಲೆಕ್ಕ ಹಿಡಿಯದಿದ್ದಾಗ ಇವುಗಳ ಹೊಟ್ಟೆಬಾಕತನವೂ ಗೇರಿನ ಖಾತೆಗೆ ಬಿದ್ದು, ಅದರ ಅನುಕೂಲವನ್ನು ತಿಂದುಹಾಕಿತ್ತು.

‘ತೆಗೆದುಬಿಡಲಾ?’ ಎಂಬ ಪ್ರಶ್ನೆಗೂ ಇಲ್ಲೇ ಒಂದು ಸುಳಿವಿದೆ. am ತೆಗೆದು ತೂಕ, ಶಕ್ತಿ ಎರಡನ್ನೇ ಇಟ್ಟರೆ ಊಹೆಯ ಸಾಮಾನ್ಯ ತಪ್ಪು 2.54ರಿಂದ 2.59ಕ್ಕೆ ಏರುತ್ತದೆ, ಅಷ್ಟೇ. ಏನೂ ಕೆಟ್ಟಿಲ್ಲ ಅನ್ನಿಸುತ್ತದೆ. ಆದರೆ ತೂಕದ ಗುಣಾಂಕ ಮೈನಸ್ 2.88ರಿಂದ ಮೈನಸ್ 3.88ಕ್ಕೆ ಜಾರುತ್ತದೆ. ನಕ್ಷತ್ರವಿಲ್ಲದ ಸಾಲನ್ನು ತೆಗೆದದ್ದಕ್ಕೆ ನಕ್ಷತ್ರವಿದ್ದ ಸಾಲಿನ ಅರ್ಥ ಮೂರನೇ ಒಂದು ಭಾಗದಷ್ಟು ಬದಲಾಯಿತು. ಗೇರು ಹೊತ್ತಿದ್ದ ಪಾಲನ್ನು ಈಗ ತೂಕವೇ ಹೊತ್ತುಕೊಂಡಿದೆ. ಯಾವುದೋ ಕಾರಿನ ಮೈಲೇಜ್ ಊಹಿಸುವುದಷ್ಟೇ ಗುರಿಯಾಗಿದ್ದರೆ am ಇದ್ದರೂ ನಡೆಯುತ್ತದೆ, ಹೋದರೂ ನಡೆಯುತ್ತದೆ. ಗೇರಿನ ಬಗ್ಗೆ ತಿಳಿಯುವುದೇ ಗುರಿಯಾಗಿದ್ದರೆ ಅದನ್ನು ತೆಗೆಯುವ ಮಾತೇ ಬರುವುದಿಲ್ಲ. ಪ್ರಶ್ನೆಯನ್ನೇ ತೆಗೆದ ಹಾಗಾಗುತ್ತದೆ. ಆದ್ದರಿಂದ ಪ್ರೊಫೆಸರ್ ಮೊದಲು ಕೇಳುವುದು ‘ನಿನ್ನ ಪ್ರಶ್ನೆ ಏನಮ್ಮ?’ ಎಂದೇ. ಅದು ಮೇಲ್‌ನಲ್ಲೇ ಇದ್ದರೆ ಒಂದು ಸುತ್ತಿನ ಪತ್ರವ್ಯವಹಾರ ಉಳಿಯಿತು.

ಈ ಹಂತದಲ್ಲಿ ಒಂದು ಆಮಿಷವೂ ಕಾದಿರುತ್ತದೆ. hp ತೆಗೆದು ಅದರ ಜಾಗದಲ್ಲಿ qsec ಹಾಕಿದರೆ am ಗುಣಾಂಕ 2.94 ಆಗುತ್ತದೆ, ಪಿ-ವ್ಯಾಲ್ಯೂ 0.0467. ನಕ್ಷತ್ರ ಬಂತು! ಬಗೆಬಗೆಯ ಜೋಡಣೆಗಳನ್ನು ತಾನೇ ಪ್ರಯತ್ನಿಸಿ ನೋಡುವ ಸೌಲಭ್ಯ ಬಳಸಿದವರು ಈ ಟೇಬಲ್ಲಿಗೇ ಬಂದು ನಿಲ್ಲುವುದುಂಟು. ಆದರೆ qsec ಎಂದರೇನು? ನಿಂತಲ್ಲಿಂದ ಹೊರಟ ಕಾರು ಕಾಲು ಮೈಲಿ ಓಡಲು ತೆಗೆದುಕೊಳ್ಳುವ ಸೆಕೆಂಡುಗಳು. ಆ ಓಟದ ಮೇಲೆ ಗೇರಿನ ಪ್ರಭಾವವೂ ಇರುತ್ತದೆ. ಗೇರಿನ ಪರಿಣಾಮವನ್ನು ಅಳೆಯಲು ಹೊರಟವರು, ಭಾಗಶಃ ಗೇರಿನದೇ ಫಲವಾದ ಅಳತೆಯೊಂದನ್ನು ‘ಸಮ ಮಾಡಿ’ ಹೋಲಿಸಿದರೆ ಸಿಗುವ ಅಂಕಿಗೆ ಅರ್ಥ ಹೇಳುವುದು ಕಷ್ಟ. ಎಂಜಿನ್ನಿನ ಹಾರ್ಸ್‌ಪವರಿಗೆ ಈ ತೊಡಕಿಲ್ಲ. ಗೇರ್‌ಬಾಕ್ಸ್ ಬದಲಿಸಿದರೆ ಎಂಜಿನ್ ಬದಲಾಗುವುದಿಲ್ಲ. ಇದೆಲ್ಲ ಇರಲಿ, ನಾಲ್ಕು ಟೇಬಲ್ ಮಾಡಿ ನಕ್ಷತ್ರವಿರುವ ಒಂದನ್ನೇ ಮಾಸ್ತರರಿಗೆ ತೋರಿಸಿದರೆ ಆ 0.0467ಕ್ಕೆ ಪಿ-ವ್ಯಾಲ್ಯೂ ಎಂಬ ಹೆಸರು ಸಲ್ಲುವುದಿಲ್ಲ. ಮಾಡಿದ್ದನ್ನೆಲ್ಲ ಹೇಳಬೇಕು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆ ವಿದ್ಯಾರ್ಥಿನಿ ಬರೆಯಬಹುದಾದ ಮೇಲ್ ಹೀಗಿರುತ್ತದೆ. ವಿಷಯ: ‘ಪ್ರಾಜೆಕ್ಟ್: ಗೇರು ಮತ್ತು ಮೈಲೇಜ್ ರಿಗ್ರೆಷನ್, am ಗುಣಾಂಕದ ಬಗ್ಗೆ ಒಂದು ಪ್ರಶ್ನೆ.’

‘ನಮಸ್ಕಾರ ಮೇಡಂ,

ನಾನು ನಾಲ್ಕನೇ ಸೆಮಿಸ್ಟರಿನ ವಿದ್ಯಾರ್ಥಿನಿ. ತೂಕ ಮತ್ತು ಎಂಜಿನ್ ಶಕ್ತಿ ಒಂದೇ ಇದ್ದಾಗ ಕೈಗೇರಿನ ಕಾರು ಹೆಚ್ಚು ಮೈಲೇಜ್ ಕೊಡುತ್ತದೆಯೇ ಎಂಬುದು ನನ್ನ ಪ್ರಾಜೆಕ್ಟಿನ ಪ್ರಶ್ನೆ. mtcars ಪಟ್ಟಿಯ 32 ಕಾರುಗಳನ್ನು ಬಳಸಿದ್ದೇನೆ. mpg ಗ್ಯಾಲನ್‌ಗೆ ಮೈಲಿಗಳಲ್ಲಿ, wt ಸಾವಿರ ಪೌಂಡ್‌ಗಳಲ್ಲಿ ಇದೆ. am ಸೊನ್ನೆಯಾದರೆ ಆಟೊಮ್ಯಾಟಿಕ್ (19 ಕಾರು), ಒಂದಾದರೆ ಮ್ಯಾನ್ಯುಯಲ್ (13 ಕಾರು). ಪೂರ್ತಿ ಟೇಬಲ್ಲನ್ನು ಕೆಳಗೆ ಅಂಟಿಸಿದ್ದೇನೆ, ಸ್ಕ್ರೀನ್‌ಶಾಟ್ ಕೂಡ ಇದೆ.

ನನಗೆ ತಿಳಿದಷ್ಟು ಹೀಗಿದೆ. ಉಳಿದೆರಡು ಅಂಶ ಸಮ ಇದ್ದಾಗ ತೂಕ ಸಾವಿರ ಪೌಂಡ್ ಹೆಚ್ಚಿದರೆ ಮೈಲೇಜ್ ಸುಮಾರು 2.9, ಶಕ್ತಿ 50 ಹಾರ್ಸ್‌ಪವರ್ ಹೆಚ್ಚಿದರೆ ಸುಮಾರು 1.9 ಇಳಿಯುತ್ತದೆ. ಈ 32 ಕಾರುಗಳ ಮೈಲೇಜಿನ ಏರುಪೇರಿನಲ್ಲಿ ಶೇ. 84ರಷ್ಟನ್ನು ಮೂರು ಅಂಶಗಳು ವಿವರಿಸುತ್ತವೆ.

ಅನುಮಾನ am ಬಗ್ಗೆ. ಗುಣಾಂಕ 2.08, ಸ್ಟ್ಯಾಂಡರ್ಡ್ ಎರರ್ 1.38, ಪಿ-ವ್ಯಾಲ್ಯೂ 0.14. ಜೊತೆಗಿರುವ ಅಂಶಗಳನ್ನು ಬದಲಿಸಿದರೆ ಇದು ಬಹಳ ಬದಲಾಗುತ್ತಿದೆ. ನಾನು ಮಾಡಿ ನೋಡಿದ್ದೆಲ್ಲ ಇಷ್ಟು (ಆವರಣದಲ್ಲಿ ಸ್ಟ್ಯಾಂಡರ್ಡ್ ಎರರ್):

```
mpg ~ am                 7.245  (1.764)
mpg ~ wt + am           -0.024  (1.546)
mpg ~ wt + hp + am       2.084  (1.376)
mpg ~ wt + qsec + am     2.936  (1.411)
```

ಆಟೊಮ್ಯಾಟಿಕ್ ಕಾರುಗಳು ಸರಾಸರಿ 1,358 ಪೌಂಡ್ ಭಾರವಾಗಿರುವುದು ಇದಕ್ಕೆ ಕಾರಣ ಎಂದು ನನ್ನ ಊಹೆ. am ತೆಗೆದರೆ wt ಗುಣಾಂಕ -2.88ರಿಂದ -3.88ಕ್ಕೆ ಹೋಗುವುದರಿಂದ ತೆಗೆಯಲು ಮನಸ್ಸಾಗುತ್ತಿಲ್ಲ. ಮೂರನೇ ಸಾಲಿನ ಮಾಡೆಲ್ಲನ್ನೇ ಉಳಿಸಿಕೊಂಡು, ‘ಈ ಕಾರುಗಳಿಂದ ಗೇರಿನ ಪರಿಣಾಮವನ್ನು ಖಚಿತವಾಗಿ ಹೇಳಲಾಗದು, ಅದು -0.7ರಿಂದ 4.9ರ ನಡುವೆ ಇರಬಹುದು’ ಎಂದು ಬರೆದರೆ ಸರಿಯೇ? ಅಥವಾ ನಾನು ನೋಡದೇ ಬಿಟ್ಟದ್ದು ಏನಾದರೂ ಇದೆಯೇ? ವರದಿಯನ್ನು ಮುಂದಿನ ಶುಕ್ರವಾರ ಕೊಡಬೇಕಿದೆ.

ವಂದನೆಗಳೊಂದಿಗೆ.’

ಇದನ್ನು ಓದಲು ಎರಡು ನಿಮಿಷ ಸಾಕು. ‘ಸರಿ’ ಎಂದಷ್ಟೇ ಉತ್ತರ ಬಂದರೂ ಕೆಲಸವಾಗುತ್ತದೆ. ಕೊನೆಯ ಪ್ರಶ್ನೆ ಬಾಗಿಲು ತೆರೆದಿಟ್ಟಿರುವುದೇ ಈ ಮೇಲ್‌ನ ಒಳ್ಳೆಯ ಗುಣ ಎನ್ನುತ್ತೇನೆ. ಯಾಕೆಂದರೆ ನೋಡದೇ ಬಿಟ್ಟದ್ದು ನಿಜಕ್ಕೂ ಒಂದಿದೆ, ಅದನ್ನು ಅನುಭವವಿರುವ ಕಣ್ಣು ಬೇಗ ಹಿಡಿಯುತ್ತದೆ.

ಈ ಎಲ್ಲ ಟೇಬಲ್‌ಗಳೂ ಒಂದು ಸಂಗತಿಯನ್ನು ಮಾತಿಲ್ಲದೆ ಒಪ್ಪಿಕೊಂಡಿವೆ: ಗೇರಿನಿಂದ ಆಗುವ ಲಾಭ ಹಗುರ ಕಾರಿಗೂ ಭಾರದ ಕಾರಿಗೂ ಒಂದೇ ಎಂದು. ಹಾಗೇ ಇರಬೇಕೆಂದೇನಿಲ್ಲ. ‘ತೂಕ ಒಂದು ಕಡೆ, ಮೈಲೇಜ್ ಒಂದು ಕಡೆ ಇಟ್ಟು ಚುಕ್ಕೆ ಹಾಕು, ಎರಡು ಬಗೆಯ ಗೇರಿಗೆ ಎರಡು ಬಣ್ಣ ಕೊಡು’ ಎಂದು ಪ್ರೊಫೆಸರ್ ಹೇಳುವ ಸಾಧ್ಯತೆ ಹೆಚ್ಚು. ಹಾಗೆ ಮಾಡಿದರೆ ಎರಡು ಬಣ್ಣದ ಚುಕ್ಕೆಗಳು ಬೇರೆ ಬೇರೆ ಇಳಿಜಾರಿನಲ್ಲಿ ಸಾಗುವುದು ಕಾಣುತ್ತದೆ. ಆ ಎರಡು ಇಳಿಜಾರಿಗೆ ಅವಕಾಶ ಕೊಡುವ ಸೂತ್ರ ಇದು:

```
lm(mpg ~ wt * am, data = mtcars)
```

ಫಲಿತಾಂಶದಲ್ಲಿ, ತೂಕ ಸಾವಿರ ಪೌಂಡ್ ಏರಿದರೆ ಆಟೊಮ್ಯಾಟಿಕ್ ಕಾರುಗಳ ಮೈಲೇಜ್ 3.8 ಇಳಿಯುತ್ತದೆ, ಕೈಗೇರಿನವುಗಳದು 9.1. ಎರಡು ಗೆರೆಗಳು ಸುಮಾರು 2,808 ಪೌಂಡ್, ಅಂದರೆ 1,274 ಕಿಲೋ ಹತ್ತಿರ ಒಂದನ್ನೊಂದು ದಾಟುತ್ತವೆ. ಅದಕ್ಕಿಂತ ಹಗುರವಾದಲ್ಲಿ ಕೈಗೇರು ಮುಂದೆ, ಭಾರವಾದಲ್ಲಿ ಆಟೊಮ್ಯಾಟಿಕ್ ಮುಂದೆ. ತೂಕ ಮತ್ತು ಗೇರು ಎರಡನ್ನೇ ಹಾಕಿದಾಗ ಬಂದ ಆ ಸೊನ್ನೆಯ ಹಿಂದೆ ಇದ್ದದ್ದು ಇದು: ಒಂದು ಕಡೆಯ ಲಾಭ, ಇನ್ನೊಂದು ಕಡೆಯ ನಷ್ಟ ಸೇರಿ ವಜಾ ಆಗಿದ್ದವು. ಇಳಿಜಾರುಗಳ ವ್ಯತ್ಯಾಸದ ಪಿ-ವ್ಯಾಲ್ಯೂ 0.001. ನಕ್ಷತ್ರವನ್ನೇ ನಂಬುವವರು ಇಲ್ಲಿಗೆ ವರದಿ ಮುಗಿಸಿಬಿಡುತ್ತಾರೆ.

ಮುಗಿಸಬಾರದು. 2,808 ಪೌಂಡ್‌ಗಿಂತ ಭಾರದ ಕೈಗೇರು ಕಾರುಗಳು ಪಟ್ಟಿಯಲ್ಲಿ ಎಷ್ಟಿವೆ ಎಂದು ಎಣಿಸಬೇಕು. ಮೂರೇ ಮೂರು: ಮಜ್ದಾದ ಒಂದು ವ್ಯಾಗನ್, ಫೋರ್ಡ್ ಪಂತೇರಾ, ಮಸೆರಾಟಿ ಬೋರಾ. ಕೊನೆಯ ಎರಡು ಎಂಟು ಸಿಲಿಂಡರಿನ ಸ್ಪೋರ್ಟ್ಸ್ ಕಾರುಗಳು. ಇತ್ತ ಎಲ್ಲಕ್ಕಿಂತ ಹಗುರವಾದ ಆಟೊಮ್ಯಾಟಿಕ್ 2,465 ಪೌಂಡಿನ ಟೊಯೋಟಾ ಕರೋನಾ; ಅದಕ್ಕಿಂತ ಹಗುರವಾದ ಏಳು ಕಾರುಗಳೂ ಕೈಗೇರಿನವೇ. ಅತಿ ಭಾರದ ಎಂಟೂ ಆಟೊಮ್ಯಾಟಿಕ್. ಒಂದೇ ತೂಕದ ವ್ಯಾಪ್ತಿಯಲ್ಲಿ ಎರಡೂ ಬಗೆಯ ಗೇರು ಎದುರುಬದುರಾಗುವುದು ನಡುವಿನ 17 ಕಾರುಗಳಲ್ಲಿ ಮಾತ್ರ, ಅದರಲ್ಲೂ ಕೈಗೇರಿನವು ಆರು. ಉಳಿದ ಹದಿನೈದು ಕಾರುಗಳ ಜಾಗದಲ್ಲಿ ಹೋಲಿಕೆ ನಡೆಯುತ್ತಿರುವುದು ಗೆರೆಯನ್ನು ಕಾರುಗಳಿಲ್ಲದ ಕಡೆಗೆ ಎಳೆದು. ಆ ಹದಿನೇಳರಲ್ಲಿ ಒಂದು ನಾವು ಲೆಕ್ಕ ಹಾಕಿ ನೋಡಿದ ಡೀಸೆಲ್ ಮರ್ಸಿಡಿಸ್, ಆಟೊಮ್ಯಾಟಿಕ್‌ನ ಪರವಾಗಿ 24.4 ಮೈಲಿ ತಂದುಕೊಡುತ್ತಿರುವ ಕಾರು. ತಂತ್ರಾಂಶ ಎಷ್ಟು ದಶಮಾಂಶ ಸ್ಥಾನಗಳಿಗೆ ಉತ್ತರ ಕೊಟ್ಟರೂ ಇದನ್ನು ಹೇಳುವುದಿಲ್ಲ. ಪಟ್ಟಿಯನ್ನು ತೂಕದ ಕ್ರಮದಲ್ಲಿ ಜೋಡಿಸಿ, ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರೆ ಐದು ನಿಮಿಷದಲ್ಲಿ ಕಾಣುತ್ತದೆ.

ಹಾಗಾದರೆ ವರದಿಯಲ್ಲಿ ಏನು ಬರೆಯುವುದು? ವಿದ್ಯಾರ್ಥಿನಿಯ ಜಾಗದಲ್ಲಿ ನಾನಿದ್ದರೆ ಮೂರು ಅಂಶಗಳ ಟೇಬಲ್ಲನ್ನೇ ಮುಖ್ಯವಾಗಿಟ್ಟುಕೊಂಡು ಹೀಗೆ ಬರೆಯುತ್ತಿದ್ದೆ: ‘ಸಮಾನ ತೂಕ ಮತ್ತು ಶಕ್ತಿಯಲ್ಲಿ ಕೈಗೇರಿನ ಕಾರುಗಳು ಸರಾಸರಿ 2.1 ಮೈಲಿ ಹೆಚ್ಚು ಓಡುವಂತೆ ಕಂಡರೂ, ಸೊನ್ನೆಯೂ ಸೇರಿದಂತೆ -0.7ರಿಂದ 4.9ರವರೆಗಿನ ಯಾವ ಅಂಕಿಯೂ ಈ ಮಾಹಿತಿಗೆ ಒಪ್ಪುತ್ತದೆ. ಗೇರಿನ ಪರಿಣಾಮ ತೂಕದೊಂದಿಗೆ ಬದಲಾಗುವ ಸೂಚನೆಯಿದೆ, ಆದರೆ ಆ ಸೂಚನೆ ಭಾರದ ಕೈಗೇರು ಕಾರುಗಳಲ್ಲಿ ಕೇವಲ ಮೂರನ್ನು ಆಧರಿಸಿದೆ.’ ಚುಕ್ಕೆಗಳ ಚಿತ್ರವನ್ನು ಇದರ ಪಕ್ಕದಲ್ಲಿ ಹಾಕಿ, ಮೇಲ್‌ನಲ್ಲಿದ್ದ ನಾಲ್ಕು ಸಾಲಿನ ಪಟ್ಟಿಯನ್ನು ಅನುಬಂಧದಲ್ಲಿ ಕೊಡುತ್ತಿದ್ದೆ. ಗೇರಿನ ಪ್ರಶ್ನೆಗೆ ನಿಜವಾದ ಉತ್ತರ ಬೇಕಿದ್ದರೆ ಒಂದೇ ಮಾದರಿಯ ಕಾರನ್ನು, ಒಂದೇ ಎಂಜಿನ್ನಿನೊಂದಿಗೆ, ಎರಡೂ ಬಗೆಯ ಗೇರಿನಲ್ಲಿ ಓಡಿಸಿ ಅಳೆದ ಅಂಕಿಗಳು ಬೇಕು. ಅಂಥ ಒಂದೇ ಒಂದು ಜೋಡಿಯೂ 1974ರ ಈ ಪಟ್ಟಿಯಲ್ಲಿಲ್ಲ.